ಹೂ ಹಿಡಿದ ಕೈ

ದೊಡ್ಡಮ್ಮ ತೀರಿಕೊಂಡ ಮೂರನೆಯ ದಿನ ಅಕ್ಕ ಒಂದು ಫೋಟೋ ಕಳಿಸಿ, ಹಿಂದೆಯೇ ಫೋನ್ ಮಾಡಿದಳು. “ಇದೊಂದರಲ್ಲೇ ಅಮ್ಮ ಸರಿಯಾಗಿ ನಕ್ಕಿರೋದು ಕಣೋ. ಕೈಯಲ್ಲಿರೋ ಮೊಬೈಲ್ ತೆಗೆದು ಒಂದು ಹೂ ಇಟ್ಟುಕೊಡು. ವೈಕುಂಠ ಸಮಾರಾಧನೆಗೆ ದೊಡ್ಡದಾಗಿ ಫ್ರೇಮ್ ಹಾಕಿಸಬೇಕು. ಮೊಬೈಲ್ ಹಿಡಿದಿರೋ ಫೋಟೋಗೆ ಹಾರ ಹಾಕೋದು ಹೇಗೆ?”

ಮದುವೆ ಆಲ್ಬಮ್ಮುಗಳ ಫೋಟೋ ತಿದ್ದುವುದೇ ನನ್ನ ಹೊಟ್ಟೆಪಾಡು. ಹಿನ್ನೆಲೆಯಲ್ಲಿ ಬಂದು ನಿಂತವರನ್ನು ಅಳಿಸಿದ್ದೇನೆ, ಮುಚ್ಚಿದ ಕಣ್ಣು ತೆರೆಸಿದ್ದೇನೆ. ಮೊಬೈಲ್ ತೆಗೆದು ಹೂವಿಡುವುದು ಒಂದು ಗಂಟೆಯ ಕೆಲಸ ಎಂದುಕೊಂಡೆ. ನಾಲ್ಕು ರಾತ್ರಿ ಹಿಡಿಯಿತು.

ಫೋಟೋದಲ್ಲಿ ದೊಡ್ಡಮ್ಮ ನಡುಮನೆಯ ಕುರ್ಚಿಯಲ್ಲಿ ಕೂತಿದ್ದಾರೆ. ರಾತ್ರಿಯ ಹೊತ್ತು, ಎಡಗಡೆ ಮೇಲಿನಿಂದ ಟ್ಯೂಬ್‌ಲೈಟಿನ ಬೆಳಕು. ಮೊಬೈಲನ್ನು ಎದೆಯ ಎತ್ತರಕ್ಕೆ ಹಿಡಿದು ಅದನ್ನೇ ನೋಡುತ್ತ ನಗುತ್ತಿದ್ದಾರೆ. ಫೋಟೋ ತೆಗೆದವರು ಎದುರಿಗಿದ್ದುದರಿಂದ ನಮಗೆ ಕಾಣುವುದು ಮೊಬೈಲಿನ ಬೆನ್ನು ಮತ್ತು ಅದರ ಮೇಲೆ ಅಡ್ಡಲಾಗಿ ಚಾಚಿದ ಮೂರು ಬೆರಳು. ಕಿರುಬೆರಳು ಮೊಬೈಲಿನ ಕೆಳ ಅಂಚಿಗೆ ಆಸರೆಯಾಗಿ ಮಡಚಿಕೊಂಡಿದೆ.

ಮೊದಲ ರಾತ್ರಿ ಮೊಬೈಲನ್ನಷ್ಟೇ ಕತ್ತರಿಸಿ ತೆಗೆದು, ಅಲ್ಲೊಂದು ದಾಸವಾಳ ಕೂರಿಸಿದೆ. ದೊಡ್ಡಮ್ಮ ದಿನಾ ಬೆಳಿಗ್ಗೆ ದೇವರಿಗೆ ಕೊಯ್ಯುತ್ತಿದ್ದುದು ದಾಸವಾಳವನ್ನೇ. ಹೂವೇನೋ ಚೆನ್ನಾಗಿತ್ತು, ಕೈ ಮಾತ್ರ ಇನ್ನೂ ಮೊಬೈಲನ್ನೇ ಹಿಡಿದಿತ್ತು. ಕಣ್ಣಿಗೆ ಕಾಣದ ಇಟ್ಟಿಗೆಯೊಂದನ್ನು ಹಿಡಿದ ಕೈಯ ಮೇಲೆ ಯಾರೋ ಹೂ ಅಂಟಿಸಿದಂತೆ ಕಾಣುತ್ತಿತ್ತು.

ಆಗ ನನ್ನ ಕೈಯಲ್ಲೇ ಮೊಬೈಲನ್ನೂ ಹೂವನ್ನೂ ಸರದಿಯ ಮೇಲೆ ಹಿಡಿದು ನೋಡಿದೆ. ಮೊಬೈಲಿನ ಅಗಲ ಏಳು ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಅದನ್ನು ಹಿಡಿಯಲು ಕೈ ತೆರೆದುಕೊಳ್ಳುತ್ತದೆ. ಒಂದು ಅಂಚಿನಲ್ಲಿ ಬೆರಳ ತುದಿಗಳು, ಇನ್ನೊಂದರಲ್ಲಿ ಹೆಬ್ಬೆರಳು, ಭಾರವೆಲ್ಲ ಅಂಗೈಯ ಕಡೆಗೆ. ದಾಸವಾಳದ ತೊಟ್ಟಿನ ದಪ್ಪ ಎರಡು ಮೂರು ಮಿಲಿಮೀಟರ್. ಅದಕ್ಕೆ ಕೈ ಮುಚ್ಚಿಕೊಳ್ಳುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ತುದಿಗಳು ಹೆಚ್ಚುಕಡಿಮೆ ಒಂದಕ್ಕೊಂದು ತಾಗುತ್ತವೆ, ಉಳಿದವು ಕೆಲಸವಿಲ್ಲದೆ ಸಡಿಲವಾಗಿ ಮಡಚಿಕೊಳ್ಳುತ್ತವೆ. ವಸ್ತು ಬದಲಾದರೆ ಕೈಯೂ ಬದಲಾಗಲೇಬೇಕು.

ಎರಡನೆಯ ರಾತ್ರಿ ದೊಡ್ಡಮ್ಮನ ಬೆರಳುಗಳನ್ನೇ ಬಗ್ಗಿಸಲು ಹೋದೆ. ಫೋಟೋಶಾಪಿನಲ್ಲಿ ಚಿತ್ರವನ್ನು ಎಳೆದು ಬಗ್ಗಿಸಬಹುದು, ನಿಜ. ಆದರೆ ಬೆರಳು ಬಾಗುವುದು ಗೆಣ್ಣುಗಳಲ್ಲಿ ಮಾತ್ರ. ಪರದೆಯ ಮೇಲೆ ಎಳೆದಾಗ ಅದು ಎಲ್ಲೆಂದರಲ್ಲಿ ಬಾಗಿ ರಬ್ಬರ್ ಕೊಳವೆಯಾಗುತ್ತದೆ, ಉಗುರು ಓರೆಯಾಗುತ್ತದೆ, ಗೆಣ್ಣಿನ ಮೇಲಿನ ಸುಕ್ಕುಗಳು ಹಿಗ್ಗಿ ಮಾಸುತ್ತವೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹೂ ಹಿಡಿಯಲು ಮುಖ್ಯವಾಗಿ ಬೇಕಾದ ಹೆಬ್ಬೆರಳೇ ಆ ಫೋಟೋದಲ್ಲಿರಲಿಲ್ಲ! ಅದು ಮೊಬೈಲಿನ ಆಚೆ ಅಡಗಿತ್ತು. ಇಲ್ಲದ ಬೆರಳನ್ನು ಎಲ್ಲಿಂದ ಎಳೆಯುವುದು?

ಹಾಗಾಗಿ ಬೇರೊಂದು ಕೈ ಬೇಕಾಯಿತು. ನನ್ನ ಕೈ ಆಗುವುದಿಲ್ಲ, ಚರ್ಮದ ವಯಸ್ಸೇ ಬೇರೆ. ಅಮ್ಮನನ್ನು ಕೇಳಿದೆ. ದೊಡ್ಡಮ್ಮನಿಗಿಂತ ಮೂರೇ ವರ್ಷ ಚಿಕ್ಕವಳು. ಅವಳೇನೂ ಹೇಳಲಿಲ್ಲ, ಹಿತ್ತಲಿಗೆ ಹೋಗಿ ದಾಸವಾಳ ಕೊಯ್ದು ತಂದಳು.

ಟ್ಯೂಬ್‌ಲೈಟ್ ಎಡ ಮೇಲಿಂದ ಬೀಳುವಂತೆ ಅವಳನ್ನು ಕೂರಿಸಿ, ಮೂಲ ಫೋಟೋ ತೆಗೆದಷ್ಟೇ ದೂರದಲ್ಲಿ, ಸುಮಾರು ಎರಡು ಮೀಟರ್ ಹಿಂದೆ ನಿಂತೆ. ಬೆರಳು ಸ್ಪಷ್ಟವಾಗಿ ಬರಲೆಂದು ಹತ್ತಿರ ಹೋದರೆ ಕ್ಯಾಮೆರಾದ ಕಡೆಗಿರುವ ಬೆರಳು ಉಳಿದವುಗಳಿಗಿಂತ ದಪ್ಪಗೆ ಕಾಣುತ್ತದೆ. ಆಮೇಲೆ ಎಷ್ಟು ಕುಗ್ಗಿಸಿದರೂ ಆ ಕೈ ಇನ್ನೊಂದು ದೇಹಕ್ಕೆ ಹೊಂದುವುದಿಲ್ಲ. ಮೊದಲ ಹತ್ತು ಫೋಟೋ ವ್ಯರ್ಥವಾದವು. ಅಮ್ಮ ಹೂವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ತುದಿ ಬೆಳ್ಳಗಾಗಿತ್ತು. ಹೂವಿಗೆ ಅಷ್ಟು ಬಲ ಬೇಡ, ನೋಡಿದವರಿಗೆ ಅದು ತಕ್ಷಣ ತಿಳಿಯುತ್ತದೆ. “ದೇವರಿಗೆ ಏರಿಸೋ ಹಾಗೆ ಹಿಡಿ” ಎಂದೆ. ಬೆರಳು ತಾವಾಗಿಯೇ ಸಡಿಲಗೊಂಡವು.

ಜೋಡಿಸುವಾಗ ಯಾವುದು ಯಾವುದರ ಹಿಂದೆ ಎಂಬುದೇ ಮುಖ್ಯ. ಎಲ್ಲಕ್ಕಿಂತ ಹಿಂದೆ ಸೀರೆ, ಅದರ ಮುಂದೆ ಹೆಬ್ಬೆರಳು, ಆಮೇಲೆ ತೊಟ್ಟು, ಎಲ್ಲಕ್ಕಿಂತ ಮುಂದೆ ತೋರುಬೆರಳು ಮತ್ತು ಮಧ್ಯದ ಬೆರಳು. ಒಂದೊಂದನ್ನೂ ಒಂದೊಂದು ಲೇಯರಿನಲ್ಲಿಟ್ಟೆ. ತೊಟ್ಟು ಬೆರಳಿಗೆ ತಾಗುವಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ನೆರಳು ಬರೆದೆ. ಅದಿಲ್ಲದಿದ್ದರೆ ಹೂ ತೇಲುತ್ತದೆ. ಮೊಬೈಲ್ ಮುಚ್ಚಿದ್ದ ಜಾಗದಲ್ಲಿ ಸೀರೆಯನ್ನು ಪಕ್ಕದ ಮಡಿಕೆಗಳಿಂದ ತಂದು ತುಂಬಿದೆ. ಒಂದೇ ಬುಟ್ಟ ಎರಡು ಕಡೆ ಹಾಗೆಹಾಗೇ ಬಂದು ಕೆಲಸ ಬಯಲಾಗಿತ್ತು, ಒಂದನ್ನು ಅಳಿಸಿದೆ.

ಅಮ್ಮನ ಬೆರಳುಗಳನ್ನು ದೊಡ್ಡಮ್ಮನ ಕೈಗೆ ಸೇರಿಸಿದ್ದು ಬುಡದ ಗೆಣ್ಣುಗಳ ಸಾಲಿನಲ್ಲಿ. ಅಲ್ಲಿ ಸುಕ್ಕು ಸಹಜವಾಗಿಯೇ ಇರುವುದರಿಂದ ಜೋಡಣೆ ಮರೆಯಾಗುತ್ತದೆ. ಮುಂಗೈ, ಹಸಿರು ಗಾಜಿನ ಬಳೆ, ಮೊದಲೇ ಮಡಚಿಕೊಂಡಿದ್ದ ಕಿರುಬೆರಳು ದೊಡ್ಡಮ್ಮನವೇ ಉಳಿದವು. ಉಳಿದ ನಾಲ್ಕು ಬೆರಳು ಅಮ್ಮನವು.

ಇಷ್ಟಾದರೂ ಏನೋ ಸರಿಯಿಲ್ಲ ಅನಿಸುತ್ತಿತ್ತು. ಕಣ್ಣು ಪಳಗಿಹೋದಾಗ ನಾನು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ನೋಡುತ್ತೇನೆ. ಹಾಗೆ ತಿರುಗಿಸಿದಾಗ ತಪ್ಪು ಕೈಯಲ್ಲಿರಲಿಲ್ಲ, ನೋಟದಲ್ಲಿತ್ತು. ದೊಡ್ಡಮ್ಮನ ಕಣ್ಣು ಮೊಬೈಲಿನ ಪರದೆಯ ಮೇಲ್ಭಾಗದಲ್ಲಿ ನೆಟ್ಟಿತ್ತು. ನನ್ನ ಹೂ ಅದಕ್ಕಿಂತ ಕೆಳಗಿತ್ತು. ತೊಟ್ಟಿನ ಜೊತೆ ತುಸು ಕಡ್ಡಿಯನ್ನೂ ಉಳಿಸಿ ಹೂವನ್ನು ಮೇಲಕ್ಕೇರಿಸಿದೆ. ಅವರು ಹೂವನ್ನು ನೋಡುತ್ತಿದ್ದಾರೆ ಎಂದಾದರೆ ಅದರ ಮುಖ ಅವರ ಕಡೆಗಿರಬೇಕು, ನಮಗೆ ಹಸಿರು ಪುಷ್ಪಪಾತ್ರೆ ಕಾಣಬೇಕು. ಅಕ್ಕ ಒಪ್ಪಲಿಲ್ಲ. “ಹೂವಿನ ಬೆನ್ನು ಯಾರಿಗೆ ಬೇಕೋ?” ಕೊನೆಗೆ ಅರ್ಧ ಅವರ ಕಡೆ, ಅರ್ಧ ನಮ್ಮ ಕಡೆ ತಿರುಗಿಸಿದೆ.

ಕೊನೆಗೆ ಉಳಿದದ್ದು ಗಲ್ಲದ ಬೆಳಕು. ಟ್ಯೂಬ್‌ಲೈಟ್ ಮೇಲಿಂದ ಬೀಳುತ್ತಿದ್ದರೂ ಗಲ್ಲದ ಕೆಳಗೆ, ಮೂಗಿನ ಅಡಿಯಲ್ಲಿ ತೆಳುವಾದ ನೀಲಿ ಹೊಳಪಿತ್ತು. ಮೊಬೈಲ್ ಪರದೆಯದು. ದಾಸವಾಳ ನೀಲಿ ಬೆಳಕು ಬೀರುವುದಿಲ್ಲವಲ್ಲ. ಕೆನ್ನೆಯ ಬಣ್ಣವನ್ನೇ ಎತ್ತಿ ಅದರ ಮೇಲೆ ಹಚ್ಚತೊಡಗಿದೆ. ನಡುವೆ ಅಕ್ಕನ ಫೋನ್ ಬಂತು. ಮಾತಿಗೆ ಮಾತು ಬಂದು ಕೇಳಿದೆ: “ಆವತ್ತು ದೊಡ್ಡಮ್ಮ ಏನು ನೋಡಿ ನಗ್ತಾ ಇದ್ದರು?”

“ನನ್ನನ್ನೇ. ವಿಡಿಯೋ ಕಾಲ್ ಮಾಡಿದ್ದೆ” ಎಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಮಾರಾಧನೆಯ ದಿನ ಫ್ರೇಮಿಗೆ ಹಾರ ಹಾಕಿದ್ದರು. ಬಂದವರೆಲ್ಲ ಹೂವಿನ ಫೋಟೋ ಎಷ್ಟು ಲಕ್ಷಣವಾಗಿದೆ ಎಂದರು. ಅಮ್ಮ ಮಾತ್ರ ಅದರ ಮುಂದೆ ನಿಂತು ತನ್ನ ಬಲಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡಳು. “ಕಿರುಬೆರಳು ನಮ್ಮಕ್ಕಂದು, ಅಲ್ವೇನೋ?” ಎಂದಳು. ಹೌದೆಂದೆ.

ಗಲ್ಲದ ಕೆಳಗಿನ ನೀಲಿಯನ್ನು ನಾನು ಪೂರ್ತಿ ಅಳಿಸಿರಲಿಲ್ಲ. ನನ್ನ ಕಸುಬಿನವರು ಯಾರಾದರೂ ಹತ್ತಿರದಿಂದ ನೋಡಿದರೆ, ಬೆಳಕು ಹೊಂದಿಲ್ಲ ಎಂದು ಅಲ್ಲೇ ಬೆರಳಿಡುತ್ತಾರೆ.