ವರದಿಯಲ್ಲಿದ್ದ 82

ಒಲಾಂಜಪೈನ್ ಶುರುಮಾಡಿದ ದಿನ ನನ್ನ ತೂಕವನ್ನು ಯಾರೂ ನೋಡಲಿಲ್ಲ. ಗೋಡೆಯಾಚೆ ನನ್ನ ಬಗ್ಗೆ ಮಾತಾಡಿಕೊಳ್ಳುವ ದನಿಗಳು ಕೇಳಿಸಿ, ಹದಿನೈದು ರಾತ್ರಿ ಕಣ್ಣು ಮುಚ್ಚದೆ ಕೂತಿದ್ದವಳನ್ನು ಅಣ್ಣ ಆಸ್ಪತ್ರೆಗೆ ಕರೆದೊಯ್ದಿದ್ದ. ತೂಕದ ಮಾತು ಆಗ ಯಾರಿಗೂ ಹೊಳೆಯಲಿಲ್ಲ. ಮನೆಯಲ್ಲಿದ್ದ ಹಳೆಯ ಚೀಟಿಯೊಂದರಲ್ಲಿ 53 ಕಿಲೋ ಎಂದಿತ್ತು, ಅಷ್ಟೇ.

ರಾತ್ರಿ ಹೊತ್ತು 10 ಮಿಲಿಗ್ರಾಂ. ಮೂರು ವಾರಕ್ಕೆ ದನಿಗಳು ನಿಂತವು. ಆ ಮಾತ್ರೆ ನನ್ನನ್ನು ಉಳಿಸಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ದುಗುಡ ಕವಿದು ನಿದ್ದೆ ಕೆಟ್ಟಾಗ ಮಿರ್ಟಜಪೈನ್ ಸೇರಿಸಿದರು. ಅದೂ ಹಸಿವು ಹೆಚ್ಚಿಸುವ ಔಷಧವೇ.

ಆ ಹಸಿವನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ. ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ರಾತ್ರಿ ಎರಡು ಗಂಟೆಗೆ ಎದ್ದು ತಣ್ಣಗಾದ ಮುದ್ದೆಯನ್ನು ಸಾರಿಲ್ಲದೆ ತಿಂದದ್ದುಂಟು. ಸಾಕು ಎಂದು ಹೇಳುವ ಮಿದುಳಿನ ಸಂಕೇತಗಳನ್ನೇ ಒಲಾಂಜಪೈನ್ ತಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ನಾಲಿಗೆ ಹಿಡಿತದಲ್ಲಿಲ್ಲವೆಂದು ನನ್ನನ್ನೇ ಹಳಿದುಕೊಂಡೆ. ಅಮ್ಮನಿಗೆ ಮಾತ್ರ ಸಂತೋಷ: "ಈಗ ಮೈಕೈ ತುಂಬ್ಕೊಂಡಿದೀಯ." ಏಳು ತಿಂಗಳಿಗೆ 71 ಕಿಲೋ ಆದೆ. ರವಿಕೆಗಳು ಒಂದೂ ಹಿಡಿಸಲಿಲ್ಲ. ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಐದನೇ ವಾರಕ್ಕೆ ದನಿಗಳು ಮರಳಿದವು.

ಎರಡನೇ ಬಾರಿ ಹೋದದ್ದು ಬೇರೆ ಆಸ್ಪತ್ರೆಗೆ. ಅದೇ ಮಾತ್ರೆ ಮತ್ತೆ ಶುರುವಾಯಿತು, ದನಿಗಳು ಅಡಗಿದವು. ಈ ಸಲ ಡಾಕ್ಟರು ಟೇಪು ಹಿಡಿದು ಸೊಂಟ ಅಳೆದರು, 94 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ಮೀರಬಾರದಂತೆ. ರಕ್ತದ ಕೊಬ್ಬಿನ ಪರೀಕ್ಷೆಗೂ ಬರೆದುಕೊಟ್ಟರು. ವರದಿಯಲ್ಲಿ ಒಟ್ಟು ಕೊಲೆಸ್ಟರಾಲ್ 238, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 612, ಎಲ್‌ಡಿಎಲ್ 82. ಕೆಟ್ಟ ಕೊಲೆಸ್ಟರಾಲ್ ಅಂದರೆ ಎಲ್‌ಡಿಎಲ್, ಅದು ನೂರರೊಳಗಿದ್ದರೆ ಒಳ್ಳೆಯದೆಂದು ಅಣ್ಣ ಎಲ್ಲೋ ಓದಿದ್ದ. "ಮುಖ್ಯವಾದದ್ದು ಸರಿಯಾಗಿದೆ ಬಿಡು" ಎಂದ. ನನಗೂ ಸಮಾಧಾನವಾಯಿತು.

ಡಾಕ್ಟರು ಪೆನ್ನು ತೆಗೆದು ಅದೇ ಕಾಗದದ ಅಂಚಿನಲ್ಲಿ ಲೆಕ್ಕ ಬರೆದರು. "ನೋಡಮ್ಮ, ಈ 82 ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಒಟ್ಟು ಕೊಲೆಸ್ಟರಾಲ್‌ನಲ್ಲಿ ಎಚ್‌ಡಿಎಲ್ ಕಳೀತಾರೆ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೀತಾರೆ. 238ರಲ್ಲಿ 34 ಹೋಯ್ತು, 122 ಹೋಯ್ತು, ಉಳಿದದ್ದು 82. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬೋ ಹಾಗಿಲ್ಲ. ಕಳೆಯೋ ಅಂಕಿ ವಿಪರೀತ ದೊಡ್ಡದಾಗಿ, ಉಳಿಯೋದು ಸುಳ್ಳುಸುಳ್ಳೇ ಕಡಿಮೆ ಕಾಣುತ್ತೆ." ಬರೀ ಎಚ್‌ಡಿಎಲ್ ಕಳೆದು ನೋಡಿದರೆ 204. ಅದು 130ರೊಳಗೆ ಇರಬೇಕಿತ್ತು.

ಹಿಂದಿನ ದಿನ ಏನು ತಿಂದಿದ್ದಿರಿ ಎಂದು ಕೇಳಿದರು. ಯುಗಾದಿ, ತುಪ್ಪ ಸುರಿದ ಹೋಳಿಗೆ. ಬೆಳಿಗ್ಗೆ ಕಾಫಿ ಕುಡಿದೇ ರಕ್ತ ಕೊಟ್ಟಿದ್ದೆ. ಊಟವಾದ ಮೇಲೆ ಟ್ರೈಗ್ಲಿಸರೈಡ್ ಏರಿರುತ್ತದೆ. ಹಾಗಾಗಿ ಒಂದು ವಾರ ಬಿಟ್ಟು, ರಾತ್ರಿ ಎಂಟಕ್ಕೆ ಹಗುರವಾಗಿ ಉಂಡು, ಬರೀ ನೀರು ಕುಡಿದು, ಬೆಳಿಗ್ಗೆ ಎಂಟಕ್ಕೆ ಮತ್ತೆ ರಕ್ತ ಕೊಟ್ಟೆ. 574. ಹೋಳಿಗೆಯ ಪಾಲು ಅಲ್ಪ, ಉಳಿದದ್ದು ನಿಜವಾಗಿಯೂ ನನ್ನ ರಕ್ತದಲ್ಲೇ ಇತ್ತು. ಎಲ್‌ಡಿಎಲ್ಲನ್ನು ನೇರವಾಗಿ ಅಳೆಯಿಸಿದಾಗ 131 ಬಂತು. 500 ದಾಟಿದ ಟ್ರೈಗ್ಲಿಸರೈಡ್ ಮೇದೋಜೀರಕ ಗ್ರಂಥಿ ಉರಿಯೂತದ ಅಪಾಯ ತರುತ್ತದೆಂದರು. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹೋಗುವ ನೋವು, ವಾಂತಿ ಬಂದರೆ ಬೆಳಗಾಗುವವರೆಗೆ ಕಾಯಬೇಡಿ ಎಂದೂ ಹೇಳಿದರು.

ಥೈರಾಯ್ಡ್ ಮತ್ತು ಸಕ್ಕರೆಯನ್ನೂ ನೋಡಿದರು, ಏಕೆಂದರೆ ಅವುಗಳ ತೊಂದರೆಯಿಂದಲೂ ಕೊಬ್ಬು ಏರಬಹುದು. ಎರಡೂ ಸರಿಯಿದ್ದವು. ಆಮೇಲೆ ಆರು ವಾರಗಳಲ್ಲಿ ಒಲಾಂಜಪೈನ್ ಇಳಿಸುತ್ತಾ, ತೂಕವನ್ನು ಅಷ್ಟಾಗಿ ಏರಿಸದ ಅರಿಪಿಪ್ರಜೋಲ್ ಏರಿಸಿದರು. ಮಿರ್ಟಜಪೈನನ್ನು ನಿಧಾನವಾಗಿ ಬಿಡಿಸಿದರು. ತೂಕಕ್ಕೆ ಮೆಟ್‌ಫಾರ್ಮಿನ್, ಕೊಬ್ಬಿಗೆ ಫೆನೋಫೈಬ್ರೇಟ್ ಕೊಟ್ಟರು. ಬದಲಾವಣೆಯ ಆ ವಾರಗಳಲ್ಲಿ ಅಣ್ಣ ನನ್ನ ಕೋಣೆಯ ಬಾಗಿಲಲ್ಲೇ ಮಲಗುತ್ತಿದ್ದ. ಈ ಬದಲಿ ಎಲ್ಲರಿಗೂ ಹೊಂದುವುದಿಲ್ಲ, ಕೆಲವರಿಗೆ ಹಳೆಯ ಮಾತ್ರೆಯೇ ಬೇಕಾಗುತ್ತದೆ. ನನಗೆ ಹೊಂದಿತು. ಮೂರು ತಿಂಗಳಿಗೆ ಟ್ರೈಗ್ಲಿಸರೈಡ್ 214, ವರ್ಷಕ್ಕೆ 162. ತೂಕ 64. ಹಳೆಯ 53 ಬಂದಿಲ್ಲ.

ಮೊದಲೇ ಅಳೆದಿದ್ದರೆ ಎಂದು ಇಂದಿಗೂ ನೋವಾಗುತ್ತದೆ. ಮಾತ್ರೆ ಶುರುಮಾಡುವ ದಿನ ಒಮ್ಮೆ ತೂಕ, ಸೊಂಟ, ಕೊಬ್ಬು, ಸಕ್ಕರೆ ನೋಡಬೇಕು. ತೂಕವನ್ನು ನಾಲ್ಕು, ಎಂಟು, ಹನ್ನೆರಡನೇ ವಾರಕ್ಕೆ, ಕೊಬ್ಬನ್ನು ಹನ್ನೆರಡನೇ ವಾರಕ್ಕೆ ಮತ್ತು ಆಮೇಲೆ ವರ್ಷಕ್ಕೊಮ್ಮೆಯಾದರೂ. ಮೊದಲ ತಿಂಗಳಲ್ಲೇ ನೂರಕ್ಕೆ ಐದರಷ್ಟು ತೂಕ ಏರಿದರೆ ಮುಂದೆ ಇನ್ನೂ ಏರುವ ಸೂಚನೆಯಂತೆ. ನನ್ನ ಲೆಕ್ಕದಲ್ಲಿ ಅದು ಎರಡೂವರೆ ಕಿಲೋ ಚಿಲ್ಲರೆ. ಅಷ್ಟಕ್ಕೇ ಡಾಕ್ಟರ ಬಳಿ ಹೋಗಬಹುದಿತ್ತು.

ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆ ನುಂಗುತ್ತಿದ್ದರೆ, ದಯವಿಟ್ಟು ಅದನ್ನು ತಾವಾಗಿ ನಿಲ್ಲಿಸಲು ಬಿಡಬೇಡಿ. ಅವರ ವರದಿ ಬಂದಾಗ ಮೊದಲು ಟ್ರೈಗ್ಲಿಸರೈಡ್ ಸಾಲನ್ನು ನೋಡಿ. ಅದು 400 ದಾಟಿದ್ದರೆ, ಕೆಳಗಿನ ಎಲ್‌ಡಿಎಲ್ ಅಂಕಿ ನೋಡಿ ಸಮಾಧಾನ ಮಾಡಿಕೊಳ್ಳದೆ, ಆ ಕಾಗದವನ್ನು ಹಿಡಿದು ಡಾಕ್ಟರ ಬಳಿ ಹೋಗಿ.