ಬೆಲೆಯ ಪಕ್ಕದ ನಕ್ಷತ್ರ

ಮಹಾನವಮಿಯಿಂದ ದೀಪಾವಳಿಯವರೆಗಿನ ದಿನಗಳು ಪ್ಲಾಟು ಮಾರುವವರಿಗೂ ಹಬ್ಬವೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವ ಊರೇ ಇರಲಿ, ಹೊಸ ಲೇಔಟಿನ ಕರಪತ್ರದ ಮಾತು ಹೆಚ್ಚುಕಡಿಮೆ ಒಂದೇ. ಮೇಲೆ ದೀಪದ ಚಿತ್ರ. ಅದರ ಕೆಳಗೆ ‘ಬಂಗಾರದಂಥ ಅವಕಾಶ’. ನಡುವೆ ದಪ್ಪ ಅಕ್ಷರಗಳಲ್ಲಿ ‘ಚದರಡಿಗೆ 600 ರೂಪಾಯಿ ಮಾತ್ರ’, ಅದರ ಪಕ್ಕ ಒಂದು ಸಣ್ಣ ನಕ್ಷತ್ರ. ಆ ನಕ್ಷತ್ರದ ಜೊತೆಗಾರ ಹಾಳೆಯ ತಳದಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿ ಅಡಗಿರುತ್ತಾನೆ: ‘ಷರತ್ತುಗಳು ಅನ್ವಯಿಸುತ್ತವೆ.’ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವ ಊರುಗಳಲ್ಲಿ ಕರಪತ್ರದ ಬಂಗಾರವನ್ನೂ ಜನ ನಂಬಿಬಿಟ್ಟರೆ ಅವರ ತಪ್ಪೇನು?

ಇಂಥದೊಂದು ಕರಪತ್ರವನ್ನು ಎದುರಿಗಿಟ್ಟುಕೊಂಡು ಲೆಕ್ಕ ಮಾಡಿ ನೋಡಬೇಕು. ಪ್ಲಾಟು 30×40 ಅಳತೆಯದು, ಅಂದರೆ 1,200 ಚದರಡಿ. 600ರಂತೆ 7,20,000 ರೂಪಾಯಿ. ತೊಗರಿ ಮಾರಿದ ಹಣ, ಮನೆಯವಳ ಒಡವೆ, ಅಳಿಯನಿಂದ ತಂದ ಕೈಗಡ ಎಲ್ಲ ಸೇರಿಸಿ ರೈತನೊಬ್ಬ ಅಷ್ಟನ್ನು ಹೊಂದಿಸಿಕೊಂಡು ಬರುತ್ತಾನೆ. 51,000 ಸಂಚಕಾರ ಕೊಡುತ್ತಾನೆ. ಆಮೇಲೆ ಒಂದೊಂದೇ ಹೊರಗೆ ಬರುತ್ತವೆ. ರಸ್ತೆ, ಚರಂಡಿ, ವಿದ್ಯುತ್ ಕಂಬಗಳ ಅಭಿವೃದ್ಧಿ ಶುಲ್ಕ ಚದರಡಿಗೆ 100, ಅಂದರೆ 1,20,000. ಪೂರ್ವ ದಿಕ್ಕಿನ ಬಾಗಿಲು ಬೇಕೆಂದರೆ ಚದರಡಿಗೆ 25, ಅಂದರೆ 30,000. ಅಲ್ಲಿಗೆ ಪ್ಲಾಟಿನ ಬೆಲೆ 8,70,000 ಆಯಿತು. ಪಟ್ಟಣ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜುಗಳೊಂದಿಗೆ ನೂರಕ್ಕೆ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿದೆ. ಎರಡೂ ಸೇರಿ 7.6, ಅಂದರೆ 66,120 ರೂಪಾಯಿ. ಸರ್ಕಾರದ ಮಾರ್ಗಸೂಚಿ ದರ ಮಾರಾಟದ ಬೆಲೆಗಿಂತ ಹೆಚ್ಚಿದ್ದರೆ ಅದರ ಮೇಲೆಯೇ ಈ ಲೆಕ್ಕ. ಖರೀದಿ ಪತ್ರದ ಬರಹ, ಖಾತೆ ಬದಲಾವಣೆಗೆಂದು ಇನ್ನೊಂದು 20,000. ಒಟ್ಟು 9,56,120. ಚದರಡಿಗೆ ಹಂಚಿದರೆ 797 ರೂಪಾಯಿ.

600 ಮತ್ತು 797ರ ನಡುವಿನ 2,36,120 ರೂಪಾಯಿಯೇ ಆ ನಕ್ಷತ್ರದ ತೂಕ. ಈಗ ರೈತ ಹಿಂದೆ ಸರಿದರೆ ಸಂಚಕಾರ ಹೋಗುತ್ತದೆ, ಮುಂದೆ ಹೋದರೆ ಸಾಲ ಬೆಳೆಯುತ್ತದೆ. ಮಾರುವವರು ಸುಳ್ಳು ಹೇಳಿದರೆಂದು ಅವನು ದೂರುವಂತೆಯೂ ಇಲ್ಲ. ಚದರಡಿಗೆ 600 ಎಂಬುದು ಅಕ್ಷರಶಃ ನಿಜವೇ. ಪೂರ್ತಿ ನಿಜವಲ್ಲ, ಅಷ್ಟೆ.

ಇದೇ ಕರಪತ್ರವನ್ನು ಸರಿಯಾಗಿ ಬರೆಯುವುದು ಹೇಗೆ? ಲೇಔಟಿನ ಯಜಮಾನ ತನ್ನ ಅಣ್ಣನ ಮಗನಿಗೆ ಆ ಕೆಲಸ ಒಪ್ಪಿಸಿದನೆನ್ನಿ. ಹುಡುಗ ನಕ್ಷತ್ರ ತೆಗೆದು ಎಲ್ಲ ಖರ್ಚನ್ನೂ ಮೇಲೆಯೇ ಬರೆದು ತಂದರೆ ಕಾಕಾ ಬಾಯಿಂದ ಬರುವ ಮೊದಲ ಮಾತು ಇದು: “ಅಲ್ಲೋ ತಮ್ಮಾ, ಮಗ್ಗಲ ಲೇಔಟಿನವ್ರು ಆರನೂರು ಅಂತ ಹಾಕ್ಯಾರ. ನಾವು ಎಂಟನೂರು ಅಂತ ಹಾಕಿದ್ರ ಈ ಕಡೆ ಯಾರು ಬರತಾರ?”

“ಕಾಕಾ, ಅವ್ರ ಕಡೆ ಹೋದಾವ್ರೂ ಕಡೀಕ ಎಂಟನೂರs ಕೊಡತಾರ್ರಿ. ಅವ್ರು ಸಂಚಕಾರ ತಗೊಂಡ ಮ್ಯಾಲ ಹೇಳತಾರ, ನಾವು ಮೊದಲs ಹೇಳತೀವಿ.”

ಕಾಕಾನ ಅಂಜಿಕೆ ಸುಳ್ಳಲ್ಲ. ದಪ್ಪ ಅಕ್ಷರದ ಸಣ್ಣ ಅಂಕಿಗೆ ಎಳೆಯುವ ಶಕ್ತಿ ಇದ್ದೇ ಇದೆ. ಅದಕ್ಕೆ ಇರುವ ಉಪಾಯವೆಂದರೆ ಖರ್ಚನ್ನು ಬಾಬುವಾರು ಬಿಡಿಸಿ ಬರೆಯುವುದು. ಆ ಹಾಳೆ ಹಿಡಿದು ಮಗ್ಗಲ ಲೇಔಟಿಗೆ ಹೋದವನು ಅದೇ ಸಾಲುಗಳನ್ನು ಅಲ್ಲಿಯೂ ಕೇಳುತ್ತಾನೆ. ಅಲ್ಲಿಗೆ 600ರ ಗುಟ್ಟು ತಾನೇ ಒಡೆಯುತ್ತದೆ.

ರಿಯಾಯಿತಿಯದು ಇನ್ನೊಂದು ಕಥೆ. ‘ಒಂದು ಲಕ್ಷ ರಿಯಾಯಿತಿ’ ಎಂದರೆ ಯಾವ ಬೆಲೆಯಿಂದ ಕಳೆದದ್ದು? ಯಾರೂ ಎಂದೂ ಕೊಡದ ಬೆಲೆಯೊಂದನ್ನು ಬರೆದು ಅದರ ಮೇಲೆ ಗೀಟು ಹಾಕುವುದು ಸುಲಭ. ಹಿಂದಿನ ಮೂರು ತಿಂಗಳಲ್ಲಿ ಅದೇ ಬೆಲೆಗೆ ಖರೀದಿ ಪತ್ರ ನೋಂದಣಿಯಾಗಿದ್ದರೆ ಮಾತ್ರ ಅದು ಹಳೆಯ ಬೆಲೆ. ‘ಜಿಎಸ್‌ಟಿ ಪೂರ್ಣ ಮಾಫಿ’ ಎಂಬ ಕೊಡುಗೆಯಂತೂ ನಗು ತರಿಸುತ್ತದೆ. ಅಭಿವೃದ್ಧಿಪಡಿಸಿದ ನಿವೇಶನದ ಮಾರಾಟಕ್ಕೆ ಜಿಎಸ್‌ಟಿ ಇಲ್ಲವೆಂದು ಕೇಂದ್ರವೇ 2022ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಇಲ್ಲದ ತೆರಿಗೆಯನ್ನು ಬಿಟ್ಟುಕೊಡುವ ಔದಾರ್ಯ ಇದು! ಬೆಳ್ಳಿ ನಾಣ್ಯ ಉಚಿತ ಎಂದು ಹೇಳಿ ಅದರ ಬೆಲೆಯನ್ನು ಪ್ಲಾಟಿನಲ್ಲಿ ಸೇರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರವೆಂದೇ ಕರೆಯುತ್ತದೆ.

ದೂರದ ಮಾತಿನಲ್ಲೂ ಇಂಥದೇ ಜಾಣತನ. ‘ರೈಲ್ವೆ ಸ್ಟೇಷನ್ ಸಮೀಪ’ ಎಂದರೆ ಊರಿಗೂ ಸಮೀಪ ಎಂದು ಹೊಸಬರು ತಿಳಿಯುತ್ತಾರೆ. ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಎಂಬ ಹೆಸರುಗಳಲ್ಲಿ ‘ರೋಡ್’ ಇರುವುದೇ ಸ್ಟೇಷನ್ನು ಊರಿನಿಂದ ದೂರ ಇದೆ ಎನ್ನುವುದಕ್ಕೆ. ಬಸ್ ನಿಲ್ದಾಣದಿಂದ ಎಷ್ಟು ಕಿಲೋಮೀಟರ್ ಎಂದು ಬರೆದರೆ ಮುಗಿಯಿತು.

ಇನ್ನು ಅವಸರಪಡಿಸುವ ಮಾತು. ‘ಮೂರೇ ಪ್ಲಾಟು ಬಾಕಿ, ಇಂದೇ ಬನ್ನಿ’ ಎಂಬುದು ಗಂಡ ಹೆಂಡತಿ ಕೂತು ಮಾತಾಡಲು, ವಕೀಲರಿಗೆ ಕಾಗದ ತೋರಿಸಲು ಬೇಕಾದ ನಾಲ್ಕು ದಿನಗಳನ್ನು ಕಸಿದುಕೊಳ್ಳುತ್ತದೆ. ಇಂಥ ಸುಳ್ಳು ಅವಸರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ಹೆಸರಿಸಿಯೇ ನಿಷೇಧಿಸಿದೆ. ಅದನ್ನು ಪತ್ತೆಹಚ್ಚಲು ದಾರಿಯೂ ಇದೆ. 2016ರ ರೇರಾ ಕಾಯ್ದೆಯಂತೆ 500 ಚದರ ಮೀಟರಿಗಿಂತ, ಅಂದರೆ ಸುಮಾರು 5 ಗುಂಟೆಗಿಂತ ಹೆಚ್ಚಿನ ಜಾಗದಲ್ಲಿ ಲೇಔಟ್ ಮಾಡಿ ಮಾರುವವರು ನೋಂದಣಿ ಮಾಡಿಸಬೇಕು. ಜಾಹೀರಾತಿನಲ್ಲಿ ಆ ನೋಂದಣಿ ಸಂಖ್ಯೆಯನ್ನೂ ಪ್ರಾಧಿಕಾರದ ವೆಬ್ ವಿಳಾಸವನ್ನೂ ಎದ್ದು ಕಾಣುವಂತೆ ಹಾಕಬೇಕು. ಎಷ್ಟು ಪ್ಲಾಟು ಬುಕ್ ಆಗಿವೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ಅಲ್ಲಿ ತಿಳಿಸಬೇಕು. ಕರಪತ್ರದಲ್ಲಿ ಮೂರು ಬಾಕಿ, rera.karnataka.gov.in ತಾಣದಲ್ಲಿ ನಲವತ್ತು ಬಾಕಿ ಎಂದಿದ್ದರೆ ಮುಂದೆ ಹೇಳುವುದೇನಿದೆ?

ಹಾಗಾದರೆ ಅಣ್ಣನ ಮಗನ ಕರಪತ್ರ ಹೀಗಿರಬಹುದು:

“ಪೂರ್ವ ದಿಕ್ಕಿನ 30×40 ಪ್ಲಾಟಿಗೆ ನಮಗೆ ಕೊಡಬೇಕಾದದ್ದು 8,70,000 ರೂಪಾಯಿ. ರಸ್ತೆ, ಚರಂಡಿ, ವಿದ್ಯುತ್ ಕಂಬಗಳ ವೆಚ್ಚ ಇದರಲ್ಲಿ ಸೇರಿದೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಈಗಿನ ದರದಂತೆ 66,120. ಪತ್ರದ ಬರಹ, ಖಾತೆಯ ಖರ್ಚು ಸುಮಾರು 20,000. ಎಲ್ಲ ಸೇರಿ 9,56,120. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಇಂಥ ಪ್ಲಾಟುಗಳನ್ನು 9,00,000ಕ್ಕೆ ಮಾರಿದ್ದೇವೆ. ಹಬ್ಬದ ರಿಯಾಯಿತಿ 30,000, ಬಲಿಪಾಡ್ಯಮಿಯವರೆಗೆ. ಅದರ ಮರುದಿನದಿಂದ ಹಳೆಯ ಬೆಲೆ. ಅಕ್ಟೋಬರ್ 1ಕ್ಕೆ 64 ಪ್ಲಾಟುಗಳಲ್ಲಿ 40 ಬಾಕಿ ಇವೆ. ಬಿನ್‌ಶೇತ್ಕಿ ಆದೇಶ, ಲೇಔಟ್ ಮಂಜೂರಾತಿಗಳ ನಕಲು ಕೇಳಿದರೆ ಕೊಡುತ್ತೇವೆ. ನಿಮ್ಮ ವಕೀಲರಿಗೆ ತೋರಿಸಿ ಬನ್ನಿ.”

ಇದರ ಕೆಳಗೆ ರೇರಾ ಸಂಖ್ಯೆ. ನಕ್ಷತ್ರ ಎಲ್ಲಿಯೂ ಇಲ್ಲ. ಕೊನೆಯ ದಿನಾಂಕ ಇದ್ದರೂ ಅದು ಒತ್ತಾಯವಲ್ಲ, ಏಕೆಂದರೆ ಆ ದಿನದ ನಂತರ ಬೆಲೆ ನಿಜವಾಗಿಯೂ ಏರುತ್ತದೆ. ದೀಪಾವಳಿ ಮುಗಿದ ಮೇಲೂ ‘ಗ್ರಾಹಕರ ಕೋರಿಕೆಯ ಮೇರೆಗೆ’ ಅವಧಿ ವಿಸ್ತರಿಸಿದರೆ ಮೊದಲು ಹೇಳಿದ್ದು ಸುಳ್ಳಾಯಿತೆಂದೇ ಅರ್ಥ.

ರೇರಾ ಸಂಖ್ಯೆ ಇದ್ದ ಮಾತ್ರಕ್ಕೆ ಜಮೀನಿನ ಹಕ್ಕು ಶುದ್ಧವಾಗಿದೆ ಎಂದೇನಲ್ಲ. ಉತಾರ, ಋಣಭಾರ ಪತ್ರ ನೋಡುವ ಕೆಲಸ ಕೊಳ್ಳುವವನದೇ. ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು, ಇಲ್ಲಿ 87,000ಕ್ಕಿಂತ ಹೆಚ್ಚು ಮುಂಗಡ ಕೇಳಿದರೆ ಮೊದಲು ಮಾರಾಟದ ಕರಾರು ಬರೆದು ನೋಂದಣಿ ಮಾಡಿಸಿಕೊಡಿ ಎನ್ನಬಹುದು, ರೇರಾ ಕಾಯ್ದೆಯೇ ಹಾಗೆ ಹೇಳಿದೆ. ಕರಪತ್ರವನ್ನು ಮಾತ್ರ ಚುರಮುರಿ ಕಟ್ಟಲು ಕೊಡಬಾರದು. ಅದರಲ್ಲಿನ ಸುಳ್ಳು ಮಾತು ನಂಬಿ ಹಣ ಕೊಟ್ಟು ನಷ್ಟವಾದರೆ, ಪರಿಹಾರವನ್ನೋ, ಬಡ್ಡಿಸಹಿತ ಪೂರ್ತಿ ಹಣವನ್ನೋ ಕೇಳುವ ಹಕ್ಕು ಅದೇ ಕಾಯ್ದೆಯ 12ನೆಯ ಕಲಮಿನಲ್ಲಿದೆ. ಆಗ ಬೇಕಾಗುವ ಮೊದಲ ಸಾಕ್ಷಿ ಆ ಹಾಳೆಯೇ.