ಒಬ್ಬರ ಕಡತ ಇನ್ನೊಬ್ಬರ ಕೈಗೆ ಹೋಗದಂತೆ

ನಾವು ಯಾವ ಕಚೇರಿಯ ಸಂಬಳಕ್ಕೂ ಸೇರಿದವರಲ್ಲ. ಊರಿನ ಹದಿನೆಂಟು ಮಂದಿ ವರ್ತಕರ ಲೆಕ್ಕಪತ್ರಗಳನ್ನು ನೋಡಿ, ಅವರ ತೆರಿಗೆಯ ಪಟ್ಟಿಗಳನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸಿ, ಕೇಳಿದಾಗ ಸಲಹೆ ಹೇಳುವುದು ನಮ್ಮ ಜೀವನೋಪಾಯ. ಮನೆಯ ಮುಂದಿನ ಕೋಣೆಯೇ ನಮ್ಮ ಕಚೇರಿ. ನಮ್ಮ ತಂದೆಯವರೂ ಇದೇ ಕೆಲಸ ಮಾಡುತ್ತಿದ್ದರು. ಆಗ ಒಬ್ಬೊಬ್ಬ ವರ್ತಕನ ಕಾಗದಗಳಿಗೂ ಒಂದೊಂದು ಕೆಂಪು ಬಟ್ಟೆಯ ಕಟ್ಟು, ಅದರ ಮೇಲೊಂದು ಹೆಸರಿನ ಚೀಟಿ. ಒಬ್ಬನ ಕಾಗದ ಇನ್ನೊಬ್ಬನ ಕಟ್ಟಿಗೆ ಸೇರಬೇಕಾದರೆ ಎರಡು ಗಂಟುಗಳನ್ನು ಬಿಚ್ಚಬೇಕಾಗಿತ್ತು. ಈಗ ಆ ಕಟ್ಟುಗಳೆಲ್ಲ ಅಂಗೈಯಗಲದ ಫೋನಿನಲ್ಲಿ, ವಾಟ್ಸ್ಆ್ಯಪ್ಪಿನ ಚಾಟ್‌ಗಳಾಗಿ, ಒಂದರ ಕೆಳಗೊಂದು ಬೆರಳಗಲದ ಅಂತರದಲ್ಲಿ ಕುಳಿತಿವೆ. ಬಿಚ್ಚಬೇಕಾದ ಗಂಟು ಮಾತ್ರ ಇಲ್ಲ. ಗಂಟಿಲ್ಲದ ಕಡೆಯಲ್ಲಿ ಗಂಟನ್ನು ಹೇಗೆ ಹಾಕಿಕೊಳ್ಳಬೇಕೆಂಬುದನ್ನು ನಾವು ಒಂದು ತಪ್ಪು ಮಾಡಿ ಕಲಿತೆವು.

ತಪ್ಪಿನ ಸ್ವರೂಪ ತಿಳಿಯಬೇಕಾದರೆ ಒಂದು ಪಟ್ಟಿಯ ಪರಿಚಯವಾಗಬೇಕು. ಜಿ.ಎಸ್.ಟಿ. ಜಾಲತಾಣವು ಪ್ರತಿ ತಿಂಗಳೂ 14ನೆಯ ತಾರೀಖಿನ ಹೊತ್ತಿಗೆ ತಿಂಗಳ ಪಟ್ಟಿ ಸಲ್ಲಿಸುವ ವರ್ತಕನ ಹೆಸರಿನಲ್ಲಿ GSTR-2B ಎಂಬ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಅವನಿಗೆ ಸರಕು ಮಾರಿದವರು ತೋರಿಸಿದ ಬಿಲ್ಲುಗಳೆಲ್ಲ ಅದರಲ್ಲಿರುತ್ತವೆ: ಮಾರಿದವರ ಹೆಸರು, ಬಿಲ್ಲಿನ ಸಂಖ್ಯೆ, ದಿನಾಂಕ, ಮೊಬಲಗು, ತೆರಿಗೆ. ಮಾರಿದ ಮೇಲೆ ಬೆಲೆಯಲ್ಲಿ ಏನಾದರೂ ಬಿಟ್ಟುಕೊಟ್ಟು ತೆರಿಗೆಸಹಿತ ಕ್ರೆಡಿಟ್ ನೋಟು ಬರೆದಿದ್ದರೆ ಅದೂ ಅಲ್ಲಿ ಬೇರೆಯಾಗಿ ಕಾಣುತ್ತದೆ. ತಿಂಗಳ ಪಟ್ಟಿ ಸಲ್ಲಿಸುವ ವರ್ತಕರು ಇದನ್ನು ತಮ್ಮ ಖರೀದಿಯ ಪುಸ್ತಕದೊಡನೆ ತಾಳೆ ನೋಡಿ 20ರೊಳಗೆ ತೆರಿಗೆ ಕಟ್ಟಬೇಕು. ಆದಕಾರಣ 14ರಿಂದ 20ರವರೆಗೆ ನಮ್ಮ ಮನೆಯು ಮದುವೆಮನೆಯಂತೆಯೇ. ನೋಡುವುದಕ್ಕೆ ಇದು ಬರಿಯ ಅಂಕಿಗಳ ಹಾಳೆ. ಆದರೆ ಒಬ್ಬ ವರ್ತಕನು ಯಾರಿಂದ ಕೊಳ್ಳುತ್ತಾನೆ, ಎಷ್ಟು ಕೊಳ್ಳುತ್ತಾನೆ, ಯಾರು ಅವನಿಗೆ ಎಷ್ಟು ಬಿಟ್ಟುಕೊಡುತ್ತಾರೆ ಎಂಬ ವ್ಯಾಪಾರದ ಒಳಗುಟ್ಟೆಲ್ಲ ಇದರಲ್ಲಿಯೇ ಇದೆ.

ನಮ್ಮ ಕಕ್ಷಿಗಾರರಲ್ಲಿ ಇಬ್ಬರು ಹಾರ್ಡ್‌ವೇರ್ ವರ್ತಕರು. ಒಬ್ಬರ ಅಂಗಡಿ ಮೇಲಿನ ಬೀದಿಯಲ್ಲಿ, ಇನ್ನೊಬ್ಬರದು ಕೆಳಗಿನ ಬೀದಿಯಲ್ಲಿ. ಎರಡು ಅಂಗಡಿಗಳಿಗೂ ಒಂದೇ ದೇವರ ಹೆಸರು. 2023ನೆಯ ಇಸವಿ ಡಿಸೆಂಬರ್ 16ರ ರಾತ್ರಿ, ಮೇಲಿನ ಬೀದಿಯವರ ನವೆಂಬರ್ ತಿಂಗಳ ಪಟ್ಟಿಯನ್ನು ಫೋನಿನಲ್ಲಿ ತೆರೆದು, ಅಲ್ಲಿಂದಲೇ ಕಳುಹಿಸುವ ಗುಂಡಿಯನ್ನು ಒತ್ತಿದೆವು. ಫೋನು ಇತ್ತೀಚೆಗೆ ಮಾತನಾಡಿದವರ ಹೆಸರುಗಳನ್ನು ಮುಂದಾಗಿ ತಂದಿಟ್ಟಿತು. ದೇವರ ಹೆಸರನ್ನು ಕಂಡೆವು, ಒತ್ತಿದೆವು. ಅದು ಕೆಳಗಿನ ಬೀದಿಯವರ ಹೆಸರಾಗಿತ್ತು. ಕಡತದ ಹೆಸರು ಕೂಡ ನಮ್ಮನ್ನು ಎಚ್ಚರಿಸಲಿಲ್ಲ. ಅದರಲ್ಲಿದ್ದುದು ವರ್ತಕರ ಹೆಸರಲ್ಲ, ಅವರ ಹದಿನೈದು ಅಕ್ಷರಗಳ ಜಿ.ಎಸ್.ಟಿ. ಸಂಖ್ಯೆ. ಮೊದಲ ಎರಡು ಅಂಕಿಗಳು ರಾಜ್ಯದ ಗುರುತು. ಕರ್ನಾಟಕದವರಿಗೆಲ್ಲ ಅದು 29. ದಣಿದ ಕಣ್ಣು ಆ 29ನ್ನು ನೋಡಿ, ಮುಂದಿನದನ್ನು ಓದದೆಯೇ ತೃಪ್ತಿಪಟ್ಟಿತು.

ಹತ್ತು ನಿಮಿಷದ ಮೇಲೆ ತಪ್ಪು ತಿಳಿಯಿತು. Delete for everyone ಎಂಬುದನ್ನು ಒತ್ತಿ ಅಳಿಸಿದೆವು. ಹಾಗೆ ಅಳಿಸುವುದಕ್ಕೆ ಎರಡು ದಿನಗಳಿಗೂ ಮೀರಿದ ಅವಕಾಶವುಂಟು. ಆದರೆ ಒಂದು ಸಂದೇಶವನ್ನು ಅಳಿಸಲಾಗಿದೆ ಎಂಬ ಸಾಲು ಅಲ್ಲಿಯೇ ಉಳಿಯುತ್ತದೆ. ಅಷ್ಟರಲ್ಲಿ ಅವರು ಕಡತವನ್ನು ತೆರೆದಿದ್ದರೆ, ಬೇರೆ ಕಡೆಗೆ ಇಳಿಸಿಕೊಂಡಿದ್ದರೆ, ನಮ್ಮ ಅಳಿಸುವಿಕೆಯಿಂದ ಏನೂ ಆಗುವುದಿಲ್ಲ. ಎರಡು ನೀಲಿ ಗೀಟುಗಳು ಆಗಲೇ ಬಿದ್ದಿದ್ದವು. ಬೆಳಗ್ಗೆ ಕೆಳಗಿನ ಬೀದಿಯವರೇ ಫೋನು ಮಾಡಿದರು.

"ಸ್ವಾಮಿ, ರಾತ್ರಿ ಏನೋ ಕಳಿಸಿ ಅಳಿಸಿಬಿಟ್ಟಿರಲ್ಲ. ನಾನು ತೆರೆದು ನೋಡಿದೆ. ಅವರಿಗೆ ಕ್ರೆಡಿಟ್ ನೋಟು ಬರುತ್ತದೆಯಂತೆ. ಅದೇ ಸಗಟು ವ್ಯಾಪಾರಿ ನನಗೆ ಒಂದು ಕಾಸೂ ಬಿಟ್ಟವನಲ್ಲ" ಎಂದರು.

ನಾವು ಆ ಹೊತ್ತಿನಲ್ಲಿಯೇ ಮೇಲಿನ ಬೀದಿಗೆ ನಡೆದು, ನಡೆದುದನ್ನು ನಡೆದಂತೆ ಹೇಳಿದೆವು. ಅವರು ವಯಸ್ಸಾದವರು, ಕೂಗಾಡಲಿಲ್ಲ. "ನಿಮ್ಮ ತಂದೆಯವರ ಕಾಲದಿಂದ ಕೊಟ್ಟ ಲೆಕ್ಕ" ಎಂದಷ್ಟೇ ಅಂದರು. ಮಾರ್ಚಿ ಕಳೆಯುತ್ತಲೇ ತಮ್ಮ ಕಾಗದಗಳನ್ನು ಬೇರೊಬ್ಬರಿಗೆ ಒಪ್ಪಿಸಿದರು. 1949ರ ಚಾರ್ಟರ್ಡ್ ಅಕೌಂಟೆಂಟರ ಅಧಿನಿಯಮವು ಕಕ್ಷಿಗಾರನ ಸಂಗತಿಯನ್ನು ಅವನ ಒಪ್ಪಿಗೆಯಿಲ್ಲದೆ, ಕಾನೂನಿನ ಅಗತ್ಯವೂ ಇಲ್ಲದೆ ಹೊರಗೆಡಹುವುದನ್ನು ವೃತ್ತಿಯ ದುರ್ನಡತೆಯೆಂದು ಎಣಿಸಿದೆ. ನಾವು ಆ ಪದವಿಯವರಲ್ಲವಾದ್ದರಿಂದ ಆ ಕಟ್ಟಳೆ ನಮಗೆ ತಗುಲದು. ನಮ್ಮನ್ನು ಕಟ್ಟುವುದು ನಮ್ಮ ಮಾತೊಂದೇ. ಅದು ಅಂದು ಹೋಯಿತು.

ವಾಟ್ಸ್ಆ್ಯಪ್ಪಿನಲ್ಲಿ ಸಂದೇಶಗಳಿಗೆ ಗೂಢಲಿಪಿಯ ರಕ್ಷಣೆಯಿದೆಯಲ್ಲ, ಭಯವೇನು ಎಂದು ಕೇಳುವವರುಂಟು. ಆ ರಕ್ಷಣೆ ದಾರಿಯದು. ದಾರಿಯಲ್ಲಿ ಯಾರೂ ಲಕೋಟೆಯನ್ನು ಒಡೆಯಲಾರರು, ನಿಜ. ವಿಳಾಸವನ್ನೇ ತಪ್ಪಾಗಿ ಬರೆದರೆ ಲಕೋಟೆಯು ಅಷ್ಟೇ ಭದ್ರವಾಗಿ ತಪ್ಪು ಮನೆಗೆ ತಲಪುತ್ತದೆ.

ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಹೀಗಿದೆ. ಪ್ರತಿಯೊಬ್ಬ ಕಕ್ಷಿಗಾರರಿಗೂ ಕಾಗದಪತ್ರಗಳಿಗೆಂದೇ ಪ್ರತ್ಯೇಕವಾದ ಒಂದು ಚಾಟ್, ಎಂದರೆ ಅವರೂ ನಾವೂ ಮಾತ್ರ ಇರುವ ಪುಟ್ಟ ಗ್ರೂಪು. ಹಬ್ಬದ ಶುಭಾಶಯ, ಮಗಳ ಲಗ್ನಪತ್ರಿಕೆ ಮುಂತಾದುವೆಲ್ಲ ಮೊದಲಿನ ಚಾಟ್‌ನಲ್ಲಿಯೇ ಇರಲಿ. ಲೆಕ್ಕದ ಮಾತು ಇಲ್ಲಿ ಮಾತ್ರ. ಅದರ ಹೆಸರಿನಲ್ಲಿ ಮೊದಲು ಬೀದಿ, ಆಮೇಲೆ ಅಂಗಡಿ, ಕೊನೆಗೆ ಜಿ.ಎಸ್.ಟಿ. ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳು. ಮೊದಲ ಅಕ್ಷರಗಳು ಎಲ್ಲರಿಗೂ ಒಂದೇ ಆಗಬಹುದು. ಕೊನೆಯವು ಹೀಗೆ ಹೊಂದಿಕೊಳ್ಳುವುದು ಅಪರೂಪ. ಒಂದೊಂದು ಚಾಟ್‌ಗೂ ಬೇರೆಬೇರೆ ಬಣ್ಣದ ಹಿನ್ನೆಲೆಯನ್ನು ಹಾಕಿದೆವು. ಒಂದೇ ಸರಕಿನ ವರ್ತಕರು ಇಬ್ಬರಿದ್ದರೆ ಒಬ್ಬರಿಗೆ ಹಸುರು, ಇನ್ನೊಬ್ಬರಿಗೆ ಕೆಂಪು. ಓದದ ಕಣ್ಣೂ ಬಣ್ಣವನ್ನು ಕಾಣುತ್ತದೆ.

ಇದಕ್ಕಿಂತ ಮುಖ್ಯವಾದುದು ಕಳುಹಿಸುವ ದಿಕ್ಕು. ಮೊದಲು ಕಡತವನ್ನು ತೆರೆದು ಆಮೇಲೆ ಯಾರಿಗೆ ಎಂದು ಹುಡುಕುವುದರಲ್ಲಿಯೇ ಅಪಾಯವಿದೆ. ಆಗ ಹೆಸರುಗಳನ್ನು ಆಯ್ದು ಮುಂದಿಡುವುದು ಫೋನು. ಈಗ ನಾವು ಮೊದಲು ಚಾಟ್‌ನ್ನು ತೆರೆಯುತ್ತೇವೆ, ಅದರ ಹೆಸರನ್ನು ಬಾಯಿಬಿಟ್ಟು ಓದುತ್ತೇವೆ, ಆಮೇಲೆ ಆ ವರ್ತಕರ ಹೆಸರಿನ ಫೋಲ್ಡರಿನಿಂದ ಕಡತವನ್ನು ಅಲ್ಲಿಗೆ ತರುತ್ತೇವೆ. ಕಡತದ ಕೊನೆಯ ನಾಲ್ಕು ಅಕ್ಷರಗಳೂ ಚಾಟ್‌ನ ಹೆಸರಿನ ನಾಲ್ಕು ಅಕ್ಷರಗಳೂ ಒಂದೇ ಆದರೆ ಮಾತ್ರ ಬೆರಳು ಮುಂದುವರಿಯುತ್ತದೆ. ಒಂದು ಚಾಟ್‌ನಿಂದ ಇನ್ನೊಂದಕ್ಕೆ ಯಾವುದನ್ನೂ, ಒಂದು ಒಳ್ಳೆಯ ಪತ್ರದ ಮಾದರಿಯನ್ನು ಕೂಡ, ದಾಟಿಸುವುದಿಲ್ಲ. ಹಾಗೆಯೇ ಕಳೆದ ತಿಂಗಳು ಒಬ್ಬರಿಗೆ ಮಾಡಿದ ಎಕ್ಸೆಲ್ ಹಾಳೆಯಲ್ಲಿ ಹೆಸರನ್ನು ತಿದ್ದಿ ಇನ್ನೊಬ್ಬರಿಗೆ ಕೊಡುವ ಅಭ್ಯಾಸವನ್ನೂ ಬಿಟ್ಟೆವು. ಮರೆಮಾಡಿದ ಹಾಳೆಗಳು ಕಣ್ಣಿಗೆ ಬೀಳುವುದಿಲ್ಲ, ಆದರೆ ಕಡತದೊಳಗೆ ಇದ್ದೇ ಇರುತ್ತವೆ. ಖಾಲಿ ನಮೂನೆಯಿಂದಲೇ ಆರಂಭಿಸಿ, ಕೊನೆಗೆ ಪಿ.ಡಿ.ಎಫ್. ಮಾಡಿ ಕಳುಹಿಸುವುದು ಕ್ಷೇಮ. ಬಂದ ಚಿತ್ರಗಳು ಮನೆಯವರ ಫೋಟೋಗಳೊಡನೆ ಬೆರೆಯದಂತೆ Media visibility ಎಂಬುದನ್ನು ಆಯಾ ಚಾಟ್‌ನಲ್ಲಿ ನಿಲ್ಲಿಸಿದ್ದೇವೆ. ನಮ್ಮ ಮೊಮ್ಮಗಳು ಚಿತ್ರ ನೋಡುವಾಗ ಯಾರದೋ ಬ್ಯಾಂಕಿನ ಪುಸ್ತಕ ನಡುವೆ ಬರುವುದು ಹೀಗೆ ತಪ್ಪಿತು.

ಇಷ್ಟಾದರೂ ಒಂದು ಬಾಗಿಲು ತೆರೆದೇ ಇತ್ತು. ವರ್ತಕರು ತಮ್ಮ ಗುಮಾಸ್ತರನ್ನೂ ಗ್ರೂಪಿಗೆ ಸೇರಿಸುವುದುಂಟು. 2024ರಲ್ಲಿ ಬಟ್ಟೆ ಅಂಗಡಿಯೊಂದರ ಗುಮಾಸ್ತನು ಕೆಲಸ ಬಿಟ್ಟು ಇನ್ನೊಂದು ಬಟ್ಟೆ ಅಂಗಡಿಗೆ ಸೇರಿದನು. ಆ ಅಂಗಡಿಯವರೂ ನಮ್ಮ ಕಕ್ಷಿಗಾರರೇ. ಹೊಸ ಧಣಿಗಳು ಅವನನ್ನು ತಮ್ಮ ಗ್ರೂಪಿಗೆ ಸೇರಿಸಿದರು, ಹಳೆಯವರು ತೆಗೆಯುವುದನ್ನು ಮರೆತರು. ಹತ್ತು ದಿನಗಳ ಕಾಲ ಆ ಹುಡುಗನು ಎರಡು ಕಡೆಯೂ ಇದ್ದನು. ಪುಣ್ಯಕ್ಕೆ ಆ ದಿನಗಳಲ್ಲಿ ಯಾವ ಪಟ್ಟಿಯೂ ಹೋಗಿರಲಿಲ್ಲ. ಅಂದಿನಿಂದ ಪ್ರತಿ ತಿಂಗಳೂ 13ನೆಯ ತಾರೀಖು, ಪಟ್ಟಿ ಬರುವ ಮುನ್ನಾದಿನ, ಪ್ರತಿ ಗ್ರೂಪಿನ ಸದಸ್ಯರ ಹೆಸರುಗಳನ್ನೂ ಓದಿ, ಸಂದೇಹವಿದ್ದರೆ ಧಣಿಗಳನ್ನೇ ಕೇಳಿ ನೋಡುತ್ತೇವೆ. ಅರ್ಧ ಗಂಟೆಯ ಕೆಲಸ.

ಫೋನಿನ ಚಾಟ್‌ಗಳನ್ನು ಬೇರೆ ಮಾಡಿದೆವು. ಆದರೆ ಅವೆಲ್ಲವನ್ನೂ ಓದುವ ತಲೆ ಒಂದೇ. ಕೆಳಗಿನ ಬೀದಿಯವರು ಈಗಲೂ ನಮ್ಮ ಕಕ್ಷಿಗಾರರು. ಕಳೆದ ವರ್ಷ ಒಂದು ದಿನ ಅವರು ಜಗುಲಿಯ ಮೇಲೆ ಕುಳಿತು, "ಬಸ್‌ಸ್ಟ್ಯಾಂಡಿನ ಬಳಿ ಹೊಸದಾಗಿ ಅಂಗಡಿ ಇಟ್ಟವರ ಲೆಕ್ಕವೂ ನಿಮ್ಮದೇ ಅಂತೆ. ಅವರಿಗೆ ಮಾಲು ಎಲ್ಲಿಂದ ಬರುತ್ತದೆ? ಹೆಸರು ಹೇಳಬೇಡಿ, ಊರು ಹೇಳಿದರೆ ಸಾಕು" ಎಂದರು. ಊರು ನಮಗೆ ಗೊತ್ತಿತ್ತು. ಅಲ್ಲಿಂದ ತರಿಸಿದರೆ ಇವರಿಗೆ ಲಾಭವಾಗುವುದೂ ಗೊತ್ತಿತ್ತು. ಸಲಹೆ ಹೇಳುವವನಿಗೆ ತನ್ನ ಕಕ್ಷಿಗಾರನ ಲಾಭವನ್ನು ಬಲ್ಲೂ ಸುಮ್ಮನಿರುವುದು ಸುಲಭವಲ್ಲ.

ಇಂಥ ಹೊತ್ತಿಗೆಂದು ನಾವು ಒಂದು ಪರೀಕ್ಷೆಯನ್ನು ಇಟ್ಟುಕೊಂಡಿದ್ದೇವೆ. ಈ ಮಾತಿಗೆ ಆಧಾರ ಇವರ ಚಾಟ್‌ನಲ್ಲಿಯೇ ಇದೆಯೆ? ಇಲ್ಲವಾದರೆ ಕಾನೂನಿನ ಪುಸ್ತಕದಲ್ಲಿಯೋ, ಊರಿಗೆಲ್ಲ ತಿಳಿದ ಸಂಗತಿಯಲ್ಲಿಯೋ ಇದೆಯೆ? ಎರಡೂ ಕಡೆ ಇಲ್ಲದಿದ್ದರೆ ಅದು ಇನ್ನೊಬ್ಬರ ಕಟ್ಟಿನಿಂದ ಜಾರಿ ಬಂದ ಮಾತು.

"ನಿಮ್ಮ ಮಾಲು ಎಲ್ಲಿಂದ ಬರುತ್ತದೆಂದು ಅವರು ಕೇಳಿದರೆ ನಾವು ಏನು ಹೇಳಬೇಕು?" ಎಂದೆವು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಫಿ ಚೆನ್ನಾಗಿದೆ" ಎಂದು ಲೋಟವನ್ನು ಕೆಳಗಿಟ್ಟು ಎದ್ದರು. ಮುಂದಿನ 14ರಂದು ಅವರ ಖರೀದಿಯ ಪುಸ್ತಕವು ಎಂದಿನಂತೆ ಅವರ ಚಾಟ್‌ಗೆ ಬಂತು.